ಮೂರು ಫೇಸ್, ಒಂದೇ ಲೋಡ್, ಒಂದು ಲಗ್ ಮಾತ್ರ ಬಿಸಿ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜ್. ಏಪ್ರಿಲ್ ಬಿಸಿಲಿನಲ್ಲಿ ಅಲ್ಲಿನ ಪ್ಯಾನೆಲ್‌ಗೆ ಥರ್ಮಲ್ ಕ್ಯಾಮೆರಾ ಹಿಡಿದೆ. ಬೇಕೆಂದೇ ಮಧ್ಯಾಹ್ನ ಹೋಗಿದ್ದೆ, ಆಗ ಕಂಪ್ರೆಸರ್ ಪೂರ್ತಿ ಲೋಡಿನಲ್ಲಿ ಓಡುತ್ತಿರುತ್ತದೆ. ಕರೆಂಟ್ ಅರ್ಧವಾದರೆ ಜಾಯಿಂಟಿನ ಬಿಸಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಲೋಡ್ ಕಡಿಮೆ ಇದ್ದಾಗ ಕೆಟ್ಟ ಜಾಯಿಂಟೂ ಕಣ್ಣಿಗೆ ಬೀಳೋದಿಲ್ಲ.

ಮುಂದಿನ ಅಕ್ರಿಲಿಕ್ ಶೀಟ್ ತೆಗೆಯಲೇಬೇಕಾಯಿತು. ಕ್ಯಾಮೆರಾಗೆ ಅದರಾಚೆ ಏನೂ ಕಾಣೋದಿಲ್ಲ, ಶೀಟಿನ ಬಿಸಿಯನ್ನೇ ತೋರಿಸುತ್ತದೆ. ಪ್ಯಾನೆಲ್ ಚಾಲೂ ಇರುತ್ತದಲ್ಲ, ಆರ್ಕ್ ಸೂಟ್, ಫೇಸ್ ಶೀಲ್ಡ್ ಹಾಕಿಕೊಂಡು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡೇ ಈ ಕೆಲಸ.

ಕಂಪ್ರೆಸರ್ ಫೀಡರಿನ ಬ್ರೇಕರ್ ಕೆಳಗೆ, ಕೇಬಲ್ ತುದಿಗೆ ಒತ್ತಿ ಬೋಲ್ಟ್ ಹಾಕುವ ಲಗ್‌ಗಳಲ್ಲಿ ಆರ್ ಫೇಸಿನದು 52 ಡಿಗ್ರಿ, ವೈ 54, ಬಿ 91. ಟಾಂಗ್ ಟೆಸ್ಟರ್ ಹಾಕಿದರೆ 118, 121, 119 ಆಂಪಿಯರ್. ಕರೆಂಟ್ ಮೂರರಲ್ಲೂ ಒಂದೇ, ಬಿಸಿ ಮಾತ್ರ ಬೇರೆ. ಬಿ ಕೇಬಲ್ ಗುಂಟ ಕೆಳಗೆ ನೋಡುತ್ತಾ ಹೋದೆ. ಲಗ್ ಹತ್ತಿರ ಕ್ಯಾಮೆರಾದಲ್ಲಿ ಬೆಳ್ಳಗೆ ಕಾಣುತ್ತಿದ್ದ ಬಿಸಿ ಒಂದು ಅಡಿ ದಾಟುವಷ್ಟರಲ್ಲಿ 58 ಡಿಗ್ರಿಗೆ ಇಳಿದಿತ್ತು. ಬಿಸಿ ಒಂದೇ ಕಡೆ ಹುಟ್ಟಿ ದೂರ ಹೋದಂತೆ ಕರಗಿದರೆ ತಪ್ಪು ಜಾಯಿಂಟಿನದು. ಕೇಬಲ್ ಉದ್ದಕ್ಕೂ ಒಂದೇ ಸಮ ಬಿಸಿ ಇದ್ದರೆ ಲೋಡಿನದು.

ಪಕ್ಕದ ಫೀಡರಿನಲ್ಲಿ ಕಂಡಿದ್ದು ಈ ಎರಡನೇ ಜಾತಿ. ಆರ್, ಬಿ ಎರಡೂ 50 ಡಿಗ್ರಿ, ವೈ 60. ನೋಡಿದ ಕೂಡಲೇ ಜಾಯಿಂಟ್ ಲೂಸ್ ಅನ್ನಿಸುತ್ತದೆ, ಅಲ್ವಾ? ಆದರೆ ಆರ್, ಬಿ ಫೇಸಿನಲ್ಲಿ 41 ಆಂಪಿಯರ್, ವೈನಲ್ಲಿ 58. ಅಂದರೆ ಸುಮಾರು 1.4 ಪಟ್ಟು ಕರೆಂಟ್, ಅದರ ವರ್ಗ 2. ಪ್ಯಾನೆಲ್ ಒಳಗಿನ ಗಾಳಿ 40 ಡಿಗ್ರಿ ಇತ್ತು. ಅದರ ಮೇಲೆ ಆರ್ ಏರಿದ್ದು 10, ವೈ 20. ಲೆಕ್ಕ ಸರಿಹೋಯಿತು. ಇಲ್ಲಿ ಸ್ಪ್ಯಾನರ್ ಹಿಡಿಯುವ ಕೆಲಸವಿಲ್ಲ, ಸಿಂಗಲ್ ಫೇಸ್ ಲೋಡುಗಳನ್ನು ಹಂಚಿದರೆ ಆಯಿತು.

ಒಂದೇ ಲೋಡಿರುವ ಫೇಸುಗಳ ನಡುವೆ 15 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ನಾನು ತಕ್ಷಣ ಶಟ್‌ಡೌನ್ ಕೇಳುತ್ತೇನೆ. ಹೊಳೆಯುವ ಬರಿ ಬಸ್‌ಬಾರ್ ಮೇಲಿನ ಅಂಕಿಯನ್ನು ಮಾತ್ರ ನಂಬೋದಿಲ್ಲ. ಅದು ಕನ್ನಡಿಯ ಹಾಗೆ ಎದುರಿನ ಬಿಸಿಯನ್ನು ತೋರಿಸಿ, ತನ್ನದನ್ನು ಕಡಿಮೆ ಹೇಳುತ್ತದೆ. ನಾನು ಪಕ್ಕಕ್ಕೆ ಸರಿದಾಗ ಬಿಸಿ ಚುಕ್ಕೆಯೂ ಸರಿದರೆ ಅದು ಪ್ರತಿಫಲನ. ಅದಕ್ಕೇ ಲಗ್ ಪಕ್ಕದ ಇನ್ಸುಲೇಷನ್ ಮೇಲೆ ಅಳೆಯುತ್ತೇನೆ. ಶಟ್‌ಡೌನ್ ಸಿಕ್ಕಾಗ ಬಸ್‌ಬಾರಿಗೆ ಕಪ್ಪು ಪಿವಿಸಿ ಟೇಪ್ ತುಂಡು ಅಂಟಿಸಿಟ್ಟರೆ ಮುಂದಿನ ಸಲಕ್ಕೆ ಅನುಕೂಲ.

ಸಂಜೆ ಕಂಪ್ರೆಸರ್ ಫೀಡರಿನ ಸಪ್ಲೈ ತೆಗೆಸಿದೆವು. ‘ಬೋಲ್ಟ್ ಬಿಗೀನ ಐತಲ್ರಿ ಸರ್’ ಅಂದ ಆಪರೇಟರ್. ನಿಜ, ಬೋಲ್ಟ್ ಬಿಗಿಯಾಗೇ ಇತ್ತು. ಲಗ್ ಹಿಡಿದು ಅಲುಗಾಡಿಸಿದರೆ ಅಲ್ಯೂಮಿನಿಯಂ ಕೇಬಲ್ ಒಳಗೇ ತಿರುಗುತ್ತಿತ್ತು! ಕ್ರಿಂಪಿಂಗ್ ಸರಿ ಕೂತಿರಲಿಲ್ಲ. ಸುಟ್ಟ ತುದಿ ಕತ್ತರಿಸಿ, ಎಳೆಗಳನ್ನು ಬ್ರಷ್‌ನಿಂದ ಉಜ್ಜಿ, ಜಾಯಿಂಟ್ ಪೇಸ್ಟ್ ಹಚ್ಚಿ, ಸರಿಯಾದ ಅಳತೆಯ ಡೈನಲ್ಲಿ ಹೊಸ ಲಗ್ ಒತ್ತಿದೆವು. ಮರುದಿನ ಮಧ್ಯಾಹ್ನ ಅದೇ 119 ಆಂಪಿಯರಿಗೆ ಬಿ ಫೇಸ್ 53 ಡಿಗ್ರಿ ತೋರಿಸಿತು.