ಬಯೋದಲ್ಲಿ ಊರು, ಪಿನ್ ಪೋಸ್ಟ್‌ನಲ್ಲಿ ರೇಟ್: ನನಗೆ ಮದುವೆ ಆರ್ಡರ್ ತಂದ ದಾರಿ

ನಾನು ಮದುವೆ ಫೋಟೋಗ್ರಾಫರ್. ಇನ್‌ಸ್ಟಾಗ್ರಾಂನಲ್ಲಿ ರೇಟ್ ಬಹಿರಂಗವಾಗಿ ಹಾಕಿದರೆ ಪಾರ್ಟಿ ಓಡಿಹೋಗುತ್ತಾರೆ ಅಂತ ಫೀಲ್ಡಿನ ಗೆಳೆಯರೆಲ್ಲ ಹೇಳಿದ್ದರು. ನಾನು ಪ್ರೊಫೈಲಿನ ಮೇಲ್ಗಡೆಯೇ ನಿಲ್ಲುವ ಪಿನ್ ಪೋಸ್ಟ್‌ನಲ್ಲಿ ಹಾಕಿದೆ. ಮೆಸೇಜ್ ಸುಮಾರು ಅರ್ಧಕ್ಕೆ ಇಳಿಯಿತು, ಬುಕಿಂಗ್ ಮಾತ್ರ ಹೆಚ್ಚಾಯಿತು. ಮೊದಲು ಹತ್ತು ಜನ ಕೇಳಿದರೆ ಒಬ್ಬರು ಅಡ್ವಾನ್ಸ್ ಕೊಡುತ್ತಿದ್ದರು, ಈಗ ಮೂರು ನಾಲ್ಕು ಜನರಲ್ಲಿ ಒಬ್ಬರು ಕೊಡುತ್ತಾರೆ.

ಅದಕ್ಕೂ ಮೊದಲು ಒಂದು ಸೀಸನ್ ಪೂರ್ತಿ ಪೋಸ್ಟ್ ಬೂಸ್ಟ್ ಮಾಡಲು ದುಡ್ಡು ಸುರಿದಿದ್ದೆ. ಲೈಕ್ ಬಂತು, ಫಾಲೋ ಮಾಡಿದವರಲ್ಲಿ ಜಾಸ್ತಿ ಜನ ಫೋಟೋಗ್ರಾಫರ್‌ಗಳೇ. ಆ ಖರ್ಚು ಒಂದು ಸಣ್ಣ ಮದುವೆಯ ಸಂಪಾದನೆಯನ್ನೇ ನುಂಗಿತು.

ಇನ್‌ಸ್ಟಾಗ್ರಾಂ ಬಯೋಗೆ ಇರುವುದು 150 ಅಕ್ಷರ. ‘ನೆನಪುಗಳನ್ನು ಸೆರೆಹಿಡಿಯುತ್ತೇನೆ’ ಅಂತ ಬರೆದು ಅದನ್ನು ಸುಮ್ನೆ ಯಾಕೆ ಖರ್ಚು ಮಾಡಬೇಕು? ಹೆಸರಿನ ಜಾಗ ಬೇರೆಯೇ ಇದೆ, ಹುಡುಕಾಟದಲ್ಲಿ ಅದೂ ಸಿಗುತ್ತದೆ. ಹಾಗಾಗಿ ಅಲ್ಲಿ ನನ್ನ ಹೆಸರಿನ ಪಕ್ಕ ‘ಮದುವೆ ಫೋಟೋಗ್ರಾಫರ್’ ಮತ್ತು ಊರು ಹಾಕಿದೆ. ಬಯೋ ಹೀಗಿದೆ: ‘ಪೋಸ್ ಕೊಡಿಸದೆ, ಮದುವೆಯ ಇಡೀ ದಿನ. ವರ್ಷಕ್ಕೆ ಕೆಲವೇ ಮದುವೆ. ರೇಟ್, ಖಾಲಿ ತಾರೀಖು ಪಿನ್ ಪೋಸ್ಟ್‌ನಲ್ಲಿದೆ.’

ಪಿನ್ ಪೋಸ್ಟ್‌ಗೆ ಬೇರೆ ಬೇರೆ ಮದುವೆಗಳ ಒಳ್ಳೊಳ್ಳೆ ಫೋಟೋ ಆರಿಸಲಿಲ್ಲ. ಒಂದೇ ಮದುವೆ, ಬೆಳಿಗ್ಗೆಯಿಂದ ರಾತ್ರಿವರೆಗೆ, ನಡೆದ ಕ್ರಮದಲ್ಲೇ ಹತ್ತು ಫೋಟೋ. ಅದರಲ್ಲಿ ಕತ್ತಲೆ ಹಾಲ್‌ನಲ್ಲಿ ತೆಗೆದದ್ದು ಒಂದು, ಮನೆಯವರ ಗ್ರೂಪ್ ಒಂದು ಇರಲೇಬೇಕು. ಒಂದು ಚಂದದ ಪೋರ್ಟ್ರೇಟ್ ಯಾರಾದರೂ ತೆಗೆಯುತ್ತಾರೆ. ಬೆಳಕು ಕೈಕೊಟ್ಟಾಗ ಏನು ಮಾಡುತ್ತೀರಿ ಅನ್ನುವುದೇ ಹುಡುಗಿಯ ಮನೆಯವರ ಚಿಂತೆ, ಅಲ್ವಾ? ಹೀಗೆ ಫೋಟೋ ಹಾಕಲು ಆ ಜೋಡಿಯ ಒಪ್ಪಿಗೆ ಬೇಕು. ನಾನು ಅದನ್ನು ಬುಕಿಂಗ್ ದಿನವೇ ಬರೆಸಿಕೊಳ್ಳುತ್ತೇನೆ.

ರೇಟನ್ನು ಫೋಟೋ ಮೇಲೆ ಬರೆಯಬೇಡಿ. ಪೋಸ್ಟ್ ಆದ ಮೇಲೆ ಕ್ಯಾಪ್ಷನ್ ತಿದ್ದಬಹುದು, ಚಿತ್ರ ಬದಲಿಸಲು ಆಗುವುದಿಲ್ಲ. ರೇಟ್ ಏರಿದಾಗ ಆ ಫೋಟೋವನ್ನೋ ಪೋಸ್ಟನ್ನೋ ಅಳಿಸಬೇಕಾಗುತ್ತದೆ, ಪೋಸ್ಟ್ ಅಳಿಸಿದರೆ ಅದರ ಕಾಮೆಂಟ್‌ಗಳೂ ಹೋಗುತ್ತವೆ. ನಾನು ಕ್ಯಾಪ್ಷನ್‌ನ ಮೊದಲ ಸಾಲಿನಲ್ಲೇ ಶುರುವಿನ ರೇಟ್ ಹಾಕುತ್ತೇನೆ, ಯಾಕೆಂದರೆ ಉಳಿದದ್ದು ಮಡಚಿಕೊಂಡಿರುತ್ತದೆ. ಆಮೇಲೆ ಎಷ್ಟು ಗಂಟೆ ಕೆಲಸ, ಸುಮಾರು ಎಷ್ಟು ಫೋಟೋ, ಎಷ್ಟು ವಾರದಲ್ಲಿ ಕೈಗೆ, ಖಾಲಿ ತಾರೀಖು ಯಾವುವು. ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಉತ್ತರ ಬರೆದವರು ಬಹುಪಾಲು ಬುಕ್ ಮಾಡುತ್ತಾರೆ. ಆ ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ರೀಲ್ಸ್ ಪಿನ್ ಮಾಡಿಯೂ ನೋಡಿದೆ. ವ್ಯೂ ಚೆನ್ನಾಗಿ ಬಂತು, ಆದರೆ ಬಂದ ಮೆಸೇಜೆಲ್ಲ ‘ಇದು ಯಾವ ಹಾಡು’ ಅಂತ.

ತೊಂದರೆ ಎಲ್ಲಿದೆ ಅಂತ ನಾನು ನೋಡುವುದು ಹೀಗೆ. ಪ್ರೊಫೈಲಿಗೆ ಜನ ಬರುತ್ತಿದ್ದಾರೆ, ಮೆಸೇಜ್ ಇಲ್ಲ ಅಂದರೆ ಮೊದಲು ಬಯೋ ತಿದ್ದುತ್ತೇನೆ. ಮೆಸೇಜ್ ಬಂದು, ರೇಟ್ ಕೇಳಿ ಸುಮ್ಮನಾಗುತ್ತಿದ್ದರೆ ಅವರು ಪಿನ್ ಪೋಸ್ಟ್ ಓದಿಲ್ಲ. ಆಗ ಮೊದಲ ಫೋಟೋ ಬೇರೆ ಇಟ್ಟು ಹೊಸದಾಗಿ ಹಾಕುತ್ತೇನೆ. ಖಾಲಿ ತಾರೀಖುಗಳನ್ನು ಪ್ರತಿ ಸೋಮವಾರ ತಿದ್ದುತ್ತೇನೆ. ಕಳೆದುಹೋದ ತಿಂಗಳ ತಾರೀಖು ಅಲ್ಲೇ ಇದ್ದರೆ, ಇವರು ಕೆಲಸ ಬಿಟ್ಟಿದ್ದಾರೆ ಅಂದುಕೊಂಡು ಜನ ಮುಂದೆ ಹೋಗುತ್ತಾರೆ.