ಗೋದಾಮಿನ ಅರಿಶಿನಕ್ಕೆ ನಾಲ್ಕು ತಿಂಗಳ ಮುಂದಿನ ದರ ಕಟ್ಟುವುದು ಹೇಗೆ?

ಮುಂದಿನ ದರ ಅಂದರೆ ಭವಿಷ್ಯ ಹೇಳುವುದಲ್ಲ. ಇವತ್ತೇ ಮಾಲು ಕೊಂಡು, ಅದನ್ನು ಕೊಡಬೇಕಾದ ದಿನದವರೆಗೆ ಇಟ್ಟುಕೊಂಡರೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಅಷ್ಟೇ. ವಹಿವಾಟಿನವರು ಇದನ್ನು ‘ಕಾಸ್ಟ್ ಆಫ್ ಕ್ಯಾರಿ’ ಎನ್ನುತ್ತಾರೆ.

ಕ್ವಿಂಟಲ್ ಅರಿಶಿನ ಇವತ್ತು 14,000 ರೂಪಾಯಿ, ಸಾಲದ ಬಡ್ಡಿ ವರ್ಷಕ್ಕೆ ಶೇ 9 ಎಂದುಕೊಳ್ಳಿ. ನಾಲ್ಕು ತಿಂಗಳ ಬಡ್ಡಿ 420. ಗೋದಾಮು ಬಾಡಿಗೆ, ವಿಮೆ ಸೇರಿ ತಿಂಗಳಿಗೆ 25ರಂತೆ 100 ರೂಪಾಯಿ ಮುಂಗಡ ಕೊಟ್ಟಿರಿ. ಅದಕ್ಕೂ 3 ರೂಪಾಯಿ ಬಡ್ಡಿ ತಗಲುತ್ತದೆ. ಒಟ್ಟು 14,523.

ಇಲ್ಲಿಗೇ ನಿಲ್ಲಿಸುವವರು ಎಡವುತ್ತಾರೆ. ಗೋದಾಮಿನಲ್ಲಿ ಮಾಲು ಒಣಗಿ ತೂಕ ಇಳಿಯುತ್ತದೆ. ಶೇ 1 ಇಳಿದರೆ ಕೊನೆಗೆ ನಿಮ್ಮ ಕೈಯಲ್ಲಿರುವುದು 99 ಕಿಲೋ. ಪೂರ್ತಿ ಕ್ವಿಂಟಲ್ ಕೊಡಬೇಕಾದ್ದರಿಂದ 14,523ನ್ನು 0.99ರಿಂದ ಭಾಗಿಸಬೇಕು: ಸುಮಾರು 14,670. ಸೂತ್ರ ಹೀಗಿದೆ:

```
F = (S × (1 + r×T) + U) / (1 − w)
```

S ಇಂದಿನ ದರ, r ಬಡ್ಡಿ, T ವರ್ಷಗಳಲ್ಲಿ ಅವಧಿ (ಇಲ್ಲಿ 4/12), U ಬಡ್ಡಿ ಸೇರಿದ ಗೋದಾಮು ಖರ್ಚು, w ತೂಕದ ಇಳಿಕೆ.

S ಯಾವ ಊರಿನದು ಎಂಬುದನ್ನೂ ನೋಡಿ. ಕೃಷಿ ಸರಕುಗಳ ವಾಯಿದೆ ಪೇಟೆಯಾದ ಎನ್‌ಸಿಡಿಇಎಕ್ಸ್‌ನಲ್ಲಿ ಅರಿಶಿನದ ವಾಯಿದೆ ದರ ನಿಜಾಮಾಬಾದಿನದು. ಚಾಮರಾಜನಗರದ ಅಥವಾ ಈರೋಡಿನ ದರವನ್ನು ಹಾಗೆಯೇ ಹಾಕಿದರೆ ಸಾಗಣೆ ಖರ್ಚು, ಗುಣಮಟ್ಟದ ವ್ಯತ್ಯಾಸ ಎರಡೂ ಲೆಕ್ಕದಿಂದ ಜಾರುತ್ತವೆ.

ಪೇಟೆಯಲ್ಲಿ ಮುಂದಿನ ದರ 15,000 ಇದ್ದರೆ? ಸಾಲ ತಂದು ಮಾಲು ಕೊಂಡು, ಆ ದರಕ್ಕೆ ಈಗಲೇ ಮಾರಾಟ ಮಾಡಿಕೊಂಡವನಿಗೆ ಕ್ವಿಂಟಲ್‌ಗೆ 330 ರೂಪಾಯಿ ಉಳಿಯುತ್ತದೆ. ಹೀಗೆ ಹಲವರು ನುಗ್ಗಿದರೆ ದರ ಇಳಿಯುತ್ತದೆ. 14,300 ಇದ್ದರೆ ಮಾತ್ರ ಕಥೆ ಬೇರೆ. ಇವತ್ತೇ ಮಾಲು ಮಾರಿ ಮುಂದೆ ಕೊಳ್ಳುವ ಉಪಾಯ, ಗೋದಾಮಿನಲ್ಲಿ ಸರಕು ಇರುವವನಿಗಷ್ಟೇ ಸಾಧ್ಯ. ಸರಕು ಕಡಿಮೆ ಇದ್ದಾಗ ಕೈಯಲ್ಲಿರುವ ಚೀಲಕ್ಕೇ ಬೆಲೆ ಹೆಚ್ಚು, ಯಾರೂ ಬಿಡುವುದಿಲ್ಲ. ನಡುವೆ ಹೊಸ ಫಸಲು ಬರುವುದಿದ್ದರಂತೂ ಮುಂದಿನ ದರ ಇಂದಿನದಕ್ಕಿಂತಲೂ ಕೆಳಗಿರಬಹುದು. ಹಾಗಾಗಿ ಅರಿಶಿನದಲ್ಲಿ 14,670 ಮೇಲಿನ ಬೇಲಿ. ಕೆಳಗಿನ ಬೇಲಿ ಸಡಿಲ.

ಷೇರಿನ ಮುಂದಿನ ದರಕ್ಕೂ ಇದೇ ಲೆಕ್ಕ. ಆದರೆ ಷೇರಿಗೆ ಗೋದಾಮು ಬೇಡ, ಬದಲಿಗೆ ಡಿವಿಡೆಂಡ್ ಬರುತ್ತದೆ, ಅದನ್ನು ಕಳೆಯಬೇಕು. 1,000 ರೂಪಾಯಿ ಷೇರು, ಮೂರು ತಿಂಗಳು, ಬಡ್ಡಿ ಶೇ 7: 1,017.50. ಒಂದು ತಿಂಗಳ ಬಳಿಕ 12 ರೂಪಾಯಿ ಕೈಸೇರಿ, ಉಳಿದ ಎರಡು ತಿಂಗಳ ಬಡ್ಡಿ ಸೇರಿ 12.14 ಆಗುತ್ತದೆ. ಕಳೆದರೆ 1,005.36. ಡಿವಿಡೆಂಡ್ ಲೆಕ್ಕಕ್ಕೆ ಬರುತ್ತದೆಯೇ ಇಲ್ಲವೇ ಎಂಬುದನ್ನು ಎಕ್ಸ್-ಡೇಟ್, ಅಂದರೆ ಷೇರು ಕೊಂಡವನಿಗೆ ಆ ಡಿವಿಡೆಂಡ್ ಸಿಗದಾಗುವ ಮೊದಲ ದಿನ, ನೋಡಿ ತೀರ್ಮಾನಿಸಿ: ಅದು ಒಪ್ಪಂದ ಮುಗಿದ ಮರುದಿನ ಬಿದ್ದರೆ ಈ 12 ರೂಪಾಯಿಯನ್ನು ಕಳೆಯುವಂತಿಲ್ಲ.