ಪಾರ್ಸೆಲ್ ಕಳೆದುಹೋಯ್ತಾ? ಕೊರಿಯರ್ ಕಂಪನಿಗೆ ಇಮೇಲ್ ಹೀಗೆ ಬರೆಯಿರಿ

ಕಳೆದುಹೋದ ಪಾರ್ಸೆಲ್ ಬಗ್ಗೆ ಜನ ಬರೆಯುವ ಇಮೇಲ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಮುಕ್ಕಾಲು ಭಾಗ ಬರೀ ಸಿಟ್ಟು. ಕನ್‌ಸೈನ್‌ಮೆಂಟ್ ನಂಬರ್ ಮಾತ್ರ ಎಲ್ಲೂ ಇರುವುದಿಲ್ಲ, ಇದ್ದರೂ ಮಸುಕಾದ ರಸೀದಿಯ ಫೋಟೊದೊಳಗೆ ಅಡಗಿರುತ್ತದೆ. ಆಗ ಕಂಪನಿಯಿಂದ ಬರುವ ಮೊದಲ ಉತ್ತರವೇ "ದಯವಿಟ್ಟು ನಂಬರ್ ಕಳಿಸಿ". ಅಲ್ಲಿಗೆ ಎರಡು ದಿನ ಸುಮ್ನೆ ಹೋಯ್ತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಫೆಬ್ರವರಿ 24ರಂದು ಒಂದು ಪ್ರಿಂಟರ್ ಕಳಿಸಿದ್ದೀರಿ. 28ಕ್ಕೆ ತಲುಪಬೇಕಿತ್ತು. ಈಗ ಮಾರ್ಚ್ 5, ಟ್ರ್ಯಾಕಿಂಗ್ 27ರಲ್ಲೇ ನಿಂತಿದೆ.

1. ಕಾಗದ ಪತ್ರ ಒಟ್ಟು ಮಾಡಿ. ಬುಕಿಂಗ್ ರಸೀದಿ, ವಸ್ತು ಕೊಂಡ ಬಿಲ್ಲು, ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್. ರಸೀದಿ ನುಣುಪು ಥರ್ಮಲ್ ಕಾಗದದ್ದಾದರೆ ಇವತ್ತೇ ಫೋಟೊ ತೆಗೆದಿಡಿ. ಆ ದರಿದ್ರ ಕಾಗದದ ಮೇಲಿನ ಅಕ್ಷರ ಬಿಸಿಗೆ, ಬೆಳಕಿಗೆ ಅಳಿಸಿಹೋಗುತ್ತದೆ.

2. ಕಂಪನಿಯ ಇಮೇಲ್ ವಿಳಾಸವನ್ನು ರಸೀದಿಯಿಂದ ಅಥವಾ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಮಾತ್ರ ತೆಗೆದುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ "ಕಸ್ಟಮರ್ ಕೇರ್" ನಂಬರುಗಳಲ್ಲಿ ಮೋಸದವೂ ಇರುತ್ತವೆ. ಪಾರ್ಸೆಲ್ ಬಿಡಿಸಲು ಸಣ್ಣ ಮೊತ್ತ ಕಟ್ಟಿ, ಒಟಿಪಿ ಹೇಳಿ ಅಂದರೆ ಫೋನ್ ಇಟ್ಟುಬಿಡಿ. ಇನ್ನು, ಸಾಮಾನ್ಯವಾಗಿ ಕಂಪನಿಯ ಜೊತೆ ಒಪ್ಪಂದ ಇರುವುದು ಕಳಿಸಿದವರದ್ದು. ಹಾಗಾಗಿ ಅವರೇ ಬರೆಯಲಿ, ಪಡೆಯಬೇಕಾದವರಿಗೆ ಒಂದು ಪ್ರತಿ ಹೋಗಲಿ.

3. ಪಾರ್ಸೆಲ್ ಎಲ್ಲಿ ತಪ್ಪಿರಬಹುದು ಅಂತ ಮೊದಲು ನೀವೇ ನೋಡಿ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಣ್ಣ ಪಾರ್ಸೆಲ್‌ಗಳು ಒಂಟಿಯಾಗಿ ಪ್ರಯಾಣ ಮಾಡುವುದು ಕಡಿಮೆ. ಹತ್ತಾರು ಪಾರ್ಸೆಲ್ ಒಂದು ದೊಡ್ಡ ಚೀಲಕ್ಕೆ ಸೇರುತ್ತವೆ, ಚೀಲಕ್ಕೆ ಬೇರೆಯೇ ನಂಬರ್ ಇರುತ್ತದೆ. ಮುಂದಿನ ಕೇಂದ್ರದಲ್ಲಿ ಎಷ್ಟೋ ಸಲ ಚೀಲವನ್ನಷ್ಟೇ ಸ್ಕ್ಯಾನ್ ಮಾಡುತ್ತಾರೆ. ಆಗ ಅದರಲ್ಲಿ ಇರಬೇಕಾದ ಎಲ್ಲಾ ಪಾರ್ಸೆಲ್ "ತಲುಪಿದೆ" ಅಂತ ತೋರಿಸಿಬಿಡುತ್ತದೆ, ನಿಮ್ಮದು ಅದರೊಳಗೆ ಇಲ್ಲದಿದ್ದರೂ! ಅದಕ್ಕೇ "ಟ್ರ್ಯಾಕಿಂಗ್‌ನಲ್ಲಿ ತಲುಪಿದೆ ಅಂತಿದೆ, ಎಲ್ಲಿ?" ಅಂತ ಕೇಳಿದರೆ ಪ್ರಯೋಜನವಿಲ್ಲ. ಚೀಲ ಬಿಚ್ಚಿದಾಗ ಈ ಪಾರ್ಸೆಲ್ ಬೇರೆಯಾಗಿ ಸ್ಕ್ಯಾನ್ ಆಯಿತೇ, ಇಲ್ಲದಿದ್ದರೆ ಕೊರತೆ ಅಂತ ಬರೆದುಕೊಂಡರೇ ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಯಾರೋ ಒಬ್ಬರು ಆ ಕೇಂದ್ರಕ್ಕೆ ಫೋನ್ ಮಾಡಲೇಬೇಕು.

ಇನ್ನೊಂದು ಸಾಧ್ಯತೆ, ಲೇಬಲ್ ಕಿತ್ತುಬಂದಿರುವುದು. ಅಂಥವನ್ನು ಕೇಂದ್ರಗಳಲ್ಲಿ ಒಂದು ಮೂಲೆಗೆ ಹಾಕಿರುತ್ತಾರೆ. ಅಲ್ಲಿ ನಿಮ್ಮ ನಂಬರಿನಿಂದ ಏನೂ ಆಗುವುದಿಲ್ಲ, ಪೆಟ್ಟಿಗೆಯ ವರ್ಣನೆಯೇ ಗತಿ. "ಎಲೆಕ್ಟ್ರಾನಿಕ್ ವಸ್ತು" ಅಂತ ಬರೆದರೆ ಯಾರಿಗೂ ಸಿಗುವುದಿಲ್ಲ. "ಕಂದು ರಟ್ಟಿನ ಪೆಟ್ಟಿಗೆ, ನಾಲ್ಕೂ ಅಂಚಿಗೆ ಕೆಂಪು ಟೇಪು, ಒಳಗೆ ಬಿಳಿ ಪ್ರಿಂಟರ್, ಸೀರಿಯಲ್ ನಂಬರ್ ಇಷ್ಟು" ಅಂತ ಬರೆದರೆ ಸಿಗಬಹುದು.

ತೂಕದಲ್ಲೂ ಒಂದು ತೊಡಕಿದೆ. ರಸೀದಿಯಲ್ಲಿರುವುದು ನಿಜವಾದ ತೂಕ ಆಗಿರಲೇಬೇಕಂತಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ಗಾತ್ರದ ತೂಕಕ್ಕೆ ಹಣ ಹಾಕುವ ಪದ್ಧತಿ ತುಂಬ ಕಡೆ ಇದೆ. ನಮ್ಮ ಪೆಟ್ಟಿಗೆ 40, 30, 20. ಲೆಕ್ಕ ಹಾಕಿದರೆ 4.8 ಕಿಲೋ. ತಕ್ಕಡಿಯಲ್ಲಿ ತೂಗಿದ್ದು 3.2. ನೀವು 4.8 ಅಂತ ಬರೆದರೆ, ಹುಡುಕುವವರು ಕೈಯಲ್ಲಿರುವ 3.2 ಕಿಲೋ ಪೆಟ್ಟಿಗೆಯನ್ನು "ಇದಲ್ಲ" ಅಂತ ಪಕ್ಕಕ್ಕಿಡುತ್ತಾರೆ. ಎರಡನ್ನೂ ಬರೆಯಿರಿ.

4. ಎಷ್ಟು ಕೇಳಬೇಕು? ಬಿಲ್ಲಿನಲ್ಲಿರುವ ಬೆಲೆ, ಜೊತೆಗೆ ಸಾಗಣೆ ಶುಲ್ಕ. ಅಷ್ಟೇ. ಮಾನಸಿಕ ಹಿಂಸೆಗೆ ಅಂತ ಒಂದು ದೊಡ್ಡ ಮೊತ್ತ ಸೇರಿಸಿದರೆ ಇಡೀ ಇಮೇಲ್ ತಮಾಷೆಯಾಗುತ್ತದೆ. ರಸೀದಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿಕೊಳ್ಳಿ. ಪರಿಹಾರಕ್ಕೆ ಮಿತಿ, ದೂರು ಕೊಡಲು ಕೊನೆಯ ದಿನ ಎರಡೂ ಅಲ್ಲಿರುತ್ತವೆ. ಬುಕಿಂಗ್ ಮಾಡುವಾಗ ಬೆಲೆ ಕಡಿಮೆ ಬರೆಸಿದ್ದರೆ, ವಿಮೆ ಮಾಡಿಸಿರದಿದ್ದರೆ ಪೂರ್ತಿ ಹಣ ಸಿಗುವುದು ಕಷ್ಟ. ವಿಮಾನದಲ್ಲಿ ದೇಶ ದಾಟುವ ಸರಕಿಗಂತೂ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಕಡೆ, ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿರದಿದ್ದರೆ, ಮಿತಿ ಕಿಲೋ ಲೆಕ್ಕದಲ್ಲೇ. ಹಾಗಂತ ನೀವೇ ಮೊತ್ತ ಇಳಿಸಬೇಡಿ. ಪೂರ್ತಿ ಕೇಳಿ, ಯಾವ ನಿಯಮದಡಿ ಕಡಿಮೆ ಮಾಡುತ್ತೀರಿ ಅಂತ ಅವರೇ ತೋರಿಸಲಿ.

5. ಈಗ ಬರೆಯಿರಿ. ಕನ್‌ಸೈನ್‌ಮೆಂಟ್ ನಂಬರ್ ವಿಷಯದ ಸಾಲಿನಲ್ಲೇ ಮೊದಲು ಬರಲಿ, ಅದೂ ಟೈಪ್ ಮಾಡಿದ್ದು.

> ವಿಷಯ: 407712283 – ತಲುಪದ ಪಾರ್ಸೆಲ್ – ಪತ್ತೆ ಮತ್ತು ಪರಿಹಾರ – ಗಡುವು ಮಾರ್ಚ್ 12
>
> ಮಾನ್ಯರೇ,
>
> ಫೆಬ್ರವರಿ 24ರಂದು ಬುಕ್ ಮಾಡಿದ ಮೇಲಿನ ಪಾರ್ಸೆಲ್ 28ಕ್ಕೆ ತಲುಪಬೇಕಿತ್ತು. ಇನ್ನೂ ತಲುಪಿಲ್ಲ. ಕೊನೆಯ ಸ್ಕ್ಯಾನ್ ಫೆಬ್ರವರಿ 27, ಬೆಳಗಿನ ಜಾವ 2.40, ನಿಮ್ಮ ವಿಂಗಡಣೆ ಕೇಂದ್ರದಲ್ಲಿ.
>
> ಕಂದು ರಟ್ಟಿನ ಪೆಟ್ಟಿಗೆ, ಅಂಚುಗಳಿಗೆ ಕೆಂಪು ಟೇಪು, 40×30×20 ಸೆಂ.ಮೀ. ನಿಜವಾದ ತೂಕ 3.2 ಕಿಲೋ, ರಸೀದಿಯಲ್ಲಿ 4.8. ಒಳಗೆ ಬಿಳಿ ಪ್ರಿಂಟರ್, ಸೀರಿಯಲ್ ನಂಬರ್ ಬಿಲ್ಲಿನಲ್ಲಿದೆ.
>
> ಚೀಲ ಬಿಚ್ಚಿದಾಗ ಈ ಪಾರ್ಸೆಲ್ ಬೇರೆಯಾಗಿ ಸ್ಕ್ಯಾನ್ ಆಗಿದೆಯೇ, ಕೊರತೆ ದಾಖಲಾಗಿದೆಯೇ ತಿಳಿಸಿ. ಲೇಬಲ್ ಇಲ್ಲದ ಪಾರ್ಸೆಲ್‌ಗಳಲ್ಲೂ ಹುಡುಕಿಸಿ.
>
> ಮಾರ್ಚ್ 12, ಬುಧವಾರ ಸಂಜೆ 5ರೊಳಗೆ ಪಾರ್ಸೆಲ್ ತಲುಪಿಸಬೇಕು, ಇಲ್ಲವೇ ಕಳೆದಿದೆ ಎಂದು ಬರವಣಿಗೆಯಲ್ಲಿ ತಿಳಿಸಬೇಕು. ಕಳೆದಿದ್ದರೆ ಪ್ರಿಂಟರ್ ಬೆಲೆ 9,400, ಸಾಗಣೆ ಶುಲ್ಕ 260, ಒಟ್ಟು 9,660ನ್ನು ಮಾರ್ಚ್ 26ರೊಳಗೆ ಪಾವತಿಸಬೇಕು. ಮೊತ್ತ ಕಡಿತ ಮಾಡುವುದಾದರೆ ಯಾವ ನಿಯಮದಡಿ ಎಂದು ತಿಳಿಸಿ.
>
> 12ರೊಳಗೆ ಉತ್ತರ ಬಾರದಿದ್ದರೆ 13ರಂದು ನಿಮ್ಮ ಕುಂದುಕೊರತೆ ಅಧಿಕಾರಿಗೆ, ನಂತರ ಗ್ರಾಹಕ ದೂರು ವೇದಿಕೆಗೆ ಹೋಗುತ್ತೇನೆ.
>
> ರಸೀದಿ, ಬಿಲ್ಲು, ಟ್ರ್ಯಾಕಿಂಗ್ ಚಿತ್ರ ಲಗತ್ತಿಸಿದ್ದೇನೆ.

ಗಡುವಿಗೆ ದಿನಾಂಕ, ವಾರ, ಗಂಟೆ ಮೂರೂ ಇದೆ ನೋಡಿ. "ಆದಷ್ಟು ಬೇಗ" ಅನ್ನುವುದು ಗಡುವೇ ಅಲ್ಲ. "24 ಗಂಟೆಯಲ್ಲಿ" ಅನ್ನುವುದೂ ದಂಡ, ಅಷ್ಟರಲ್ಲಿ ಎರಡು ಕೇಂದ್ರದಲ್ಲಿ ಹುಡುಕಿ ಮುಗಿಯುವುದಿಲ್ಲ ಅಂತ ಅವರಿಗೂ ಗೊತ್ತು. ಪತ್ತೆಗೆ ಒಂದು ವಾರ, ಹಣಕ್ಕೆ ಅಲ್ಲಿಂದ ಎರಡು ವಾರ ಸಾಕು. ಎರಡನ್ನೂ ಒಂದೇ ದಿನಾಂಕಕ್ಕೆ ಕಟ್ಟಿದರೆ "ಇನ್ನೂ ಹುಡುಕುತ್ತಿದ್ದೇವೆ" ಅನ್ನುವ ಒಂದೇ ನೆಪದಲ್ಲಿ ಎರಡೂ ಮುಂದಕ್ಕೆ ಹೋಗುತ್ತವೆ. ರೆಡಿಮೇಡ್ ಲೀಗಲ್ ನೋಟಿಸನ್ನು ಎಲ್ಲಿಂದಲೋ ತಂದು ಅಂಟಿಸುವುದು ಬೇಡ. ಕೇಸಿನ ವಿವರವಿಲ್ಲದ ಬೆದರಿಕೆಯನ್ನು ಯಾರೂ ಪೂರ್ತಿ ಓದುವುದಿಲ್ಲ.

6. ಆಮೇಲೆ. ಫೋನಿನಲ್ಲಿ ಏನೇ ಹೇಳಿದರೂ ಅದೇ ಇಮೇಲ್‌ಗೆ ಉತ್ತರವಾಗಿ ಎರಡು ಸಾಲು ಬರೆದು ಕಳಿಸಿ, ದೂರಿನ ನಂಬರ್ ಸಮೇತ. ಹೊಸ ಇಮೇಲ್ ಶುರು ಮಾಡಿದರೆ ಹೊಸ ದೂರಾಗಿಬಿಡುತ್ತದೆ. 12ರ ಸಂಜೆ ಉತ್ತರ ಬರಲಿಲ್ಲವಾ, 13ರಂದು ಅದನ್ನೇ ಮೇಲಿನ ಅಧಿಕಾರಿಗೆ ಫಾರ್ವರ್ಡ್ ಮಾಡಿ. ಮತ್ತೊಂದು ಗಡುವು ಕೊಡಬೇಡಿ.

ಕಡಿಮೆ ಮೊತ್ತಕ್ಕೆ "ಪೂರ್ಣ ಮತ್ತು ಅಂತಿಮ" ಅಂತ ಸಹಿ ಕೇಳಿದರೆ, ಒಪ್ಪಿಗೆಯಿದ್ದರೆ ಮಾತ್ರ ಹಾಕಿ. ಅದಾದ ಮೇಲೆ ಉಳಿದದ್ದು ಕೇಳುವುದು ಕಷ್ಟ. ಪಾರ್ಸೆಲ್ಲೇ ಸಿಕ್ಕಿ ಮನೆಗೆ ಬಂದರೆ, ತಂದವರ ಮುಂದೆಯೇ ಪೆಟ್ಟಿಗೆ ಬಿಚ್ಚಿ. ಬಿಚ್ಚಲು ಬಿಡದಿದ್ದರೆ ಸಹಿಯ ಪಕ್ಕ "ಒಳಗಿನ ವಸ್ತು ನೋಡಿಲ್ಲ" ಅಂತ ಬರೆದು ಅದರ ಫೋಟೊ ತೆಗೆದುಕೊಳ್ಳಿ.